ಕ್ರಾಪ್ ಮಾಡಿದ ಮೇಲೆ ಅಡಿಬರಹವನ್ನು ಇನ್ನೊಮ್ಮೆ ಓದಿ

‘ದಿ ಎಕನಾಮಿಸ್ಟ್’ ಪತ್ರಿಕೆಯ 2010ರ ಜೂನ್ 19ರ ಸಂಚಿಕೆಯ ಮುಖಪುಟದಲ್ಲಿ ಬರಾಕ್ ಒಬಾಮ ಕಡಲ ದಂಡೆಯ ಮೇಲೆ ಒಬ್ಬರೇ ನಿಂತಿದ್ದಾರೆ. ತಲೆ ತಗ್ಗಿದೆ. ಹಿಂದೆ ದೂರದಲ್ಲಿ ತೈಲ ತೆಗೆಯುವ ಅಟ್ಟಣೆ ಕಾಣುತ್ತದೆ. ಮೆಕ್ಸಿಕೊ ಕೊಲ್ಲಿಯ ಬಾವಿಯಿಂದ ಎಣ್ಣೆ ಸೋರುತ್ತಿದ್ದ ದಿನಗಳು ಅವು; ನೋಡಿದವರಿಗೆ ದಿಕ್ಕು ತೋಚದೆ ನಿಂತ ಅಧ್ಯಕ್ಷರ ಚಿತ್ರ ಅನಿಸಿದರೆ ಆಶ್ಚರ್ಯವಿಲ್ಲ.

ಮೂಲ ಚಿತ್ರವನ್ನು ರಾಯಿಟರ್ಸ್‌ನ ಲ್ಯಾರಿ ಡೌನಿಂಗ್ ಮೇ 28ರಂದು ಲೂಯಿಸಿಯಾನದಲ್ಲಿ ತೆಗೆದಿದ್ದರು. ಅದರಲ್ಲಿ ಮೂವರಿದ್ದಾರೆ: ಒಬಾಮ, ಕರಾವಳಿ ರಕ್ಷಣಾ ಪಡೆಯ ಅಡ್ಮಿರಲ್ ಥ್ಯಾಡ್ ಆ್ಯಲನ್, ಸ್ಥಳೀಯ ಆಡಳಿತದ ಮುಖ್ಯಸ್ಥೆ ಶಾರ್ಲೆಟ್ ರ‍್ಯಾಂಡಾಲ್ಫ್. ಮೂವರು ಒಟ್ಟಿಗೆ ನಿಂತಾಗ ಒಬ್ಬರ ತಲೆ ಬಾಗಿದ್ದರೆ, ಮರಳಿನಲ್ಲಿ ಏನನ್ನೋ ನೋಡುತ್ತಿದ್ದಾರೆ ಅಥವಾ ಪಕ್ಕದವರ ಮಾತಿಗೆ ಕಿವಿಗೊಟ್ಟಿದ್ದಾರೆ ಎಂದು ಓದಿಕೊಳ್ಳುತ್ತೇವೆ. ಉಳಿದಿಬ್ಬರು ಹೋದರೆ ಅದೇ ತಲೆ ಚಿಂತೆಯಿಂದ ಬಾಗಿದಂತೆ ಕಾಣುತ್ತದೆ. ಒಬಾಮರ ಮುಖದ ಒಂದು ಪಿಕ್ಸೆಲ್ಲನ್ನೂ ಯಾರೂ ಮುಟ್ಟಿಲ್ಲ. ಭಂಗಿ ಹಾಗೆಯೇ ಇದೆ, ಭಂಗಿಗೆ ಕಾರಣವಾದದ್ದು ಮಾತ್ರ ಚೌಕಟ್ಟಿನಿಂದ ಹೊರಗೆ ಹೋಗಿದೆ. ಕ್ರಾಪ್ ಅರ್ಥ ಕೆಡಿಸುವುದು ಹೆಚ್ಚಾಗಿ ಹೀಗೇ.

ಇಲ್ಲಿ ನಡೆದದ್ದು ಎರಡು ಬೇರೆ ಬೇರೆ ಕೆಲಸ. ಆ್ಯಲನ್ ಹೋದದ್ದು ಕ್ರಾಪ್‌ನಿಂದ. ರ‍್ಯಾಂಡಾಲ್ಫ್ ಅವರನ್ನು ಮಾತ್ರ ಅಳಿಸಿ ಹಿನ್ನೆಲೆ ತುಂಬಲಾಗಿತ್ತು. ಪರಿಚಯವಿಲ್ಲದ ಮಹಿಳೆಯನ್ನು ಕಂಡು ಓದುಗರು ಗೊಂದಲಪಡುತ್ತಾರೆ, ಅದಕ್ಕೇ ತೆಗೆದೆವು, ರಾಜಕೀಯ ಉದ್ದೇಶವಿರಲಿಲ್ಲ ಎಂದು ಪತ್ರಿಕೆ ಹೇಳಿತು. ಸುದ್ದಿಚಿತ್ರದ ನಿಯಮದಲ್ಲಿ ಅಳಿಸುವುದು ಸ್ಪಷ್ಟವಾಗಿ ತಪ್ಪು, ಕ್ರಾಪ್ ಮಾಡುವುದಕ್ಕೆ ಅನುಮತಿ ಇದೆ. ಆದರೆ ಈ ಮುಖಪುಟದಲ್ಲಿ ಓದುಗರ ಮೇಲಾದ ಪರಿಣಾಮಕ್ಕೆ ಎರಡರ ಪಾಲೂ ಸಮ. ‘ಕ್ರಾಪ್ ತಾನೇ ಮಾಡಿದ್ದು’ ಎಂಬ ಸಮರ್ಥನೆ ನನಗೆ ಯಾವತ್ತೂ ಒಪ್ಪಿಗೆಯಾಗದಿರುವುದು ಇದಕ್ಕೇ.

ಕೆಟ್ಟ ಉದ್ದೇಶವೇ ಇರಬೇಕೆಂದೂ ಇಲ್ಲ. 2020ರ ಜನವರಿಯಲ್ಲಿ ದಾವೋಸ್‌ನಲ್ಲಿ ಐವರು ಯುವ ಹವಾಮಾನ ಹೋರಾಟಗಾರ್ತಿಯರು ಸಾಲಾಗಿ ನಿಂತ ಚಿತ್ರವನ್ನು ಎ.ಪಿ. ಸುದ್ದಿಸಂಸ್ಥೆ ಕ್ರಾಪ್ ಮಾಡಿ ಬಿಡುಗಡೆ ಮಾಡಿತು. ಎಡತುದಿಯಲ್ಲಿದ್ದ ಉಗಾಂಡದ ವನೆಸ್ಸಾ ನಕಾಟೆ ಮಾಯವಾಗಿದ್ದರು. ಅವರ ಹಿಂದಿದ್ದ ಕಟ್ಟಡ ಸಂಯೋಜನೆಯನ್ನು ಕೆಡಿಸುತ್ತಿತ್ತು ಎಂಬುದು ಕೊಟ್ಟ ಕಾರಣ. ಉಳಿದವರು ಗ್ರೇಟಾ ಥುನ್‌ಬರ್ಗ್ ಸೇರಿ ಯುರೋಪಿನ ನಾಲ್ವರು ಬಿಳಿಯ ಯುವತಿಯರು. ಅಂದವನ್ನು ನೋಡಿ ಹಾಕಿದ ಕತ್ತರಿಯಿಂದ ಹವಾಮಾನ ಹೋರಾಟ ಯುರೋಪಿನದೇ ಎಂಬಂಥ ಚಿತ್ರ ಹೊರಬಂತು. ಟೀಕೆ ಬಂದ ಮೇಲೆ ಸಂಸ್ಥೆ ಕ್ಷಮೆ ಕೇಳಿ ಪೂರ್ತಿ ಚಿತ್ರ ಕೊಟ್ಟಿತು.

ಅಂಚಿನಲ್ಲಿರುವವರೇ ಮೊದಲು ಹೋಗುವುದು ಯಾಕೆ ಎಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಕ್ಯಾಮೆರಾದ ಚಿತ್ರ 3:2 ಅನುಪಾತದ್ದು, 6000×4000 ಪಿಕ್ಸೆಲ್ ಎಂದುಕೊಳ್ಳಿ. ಐವರು ಎಡದಿಂದ 500ನೇ ಪಿಕ್ಸೆಲ್‌ನಿಂದ 5500ರ ತನಕ, ತಲಾ ಸಾವಿರ ಪಿಕ್ಸೆಲ್ ಅಗಲದಲ್ಲಿ ನಿಂತಿದ್ದಾರೆ. ವೆಬ್‌ಸೈಟ್ ಇದನ್ನು ತಾನಾಗಿಯೇ ಚೌಕಾಕಾರದ ಥಂಬ್‌ನೇಲ್ ಮಾಡುವಾಗ ನಡುವಿನ 4000 ಪಿಕ್ಸೆಲ್ ಇಟ್ಟುಕೊಂಡು ಎರಡೂ ಕಡೆ ಸಾವಿರ ಸಾವಿರ ತೆಗೆಯುತ್ತದೆ. ಮೊದಲನೆಯವರು, ಕೊನೆಯವರು ಅರ್ಧರ್ಧ ಕತ್ತರಿಸಿಹೋಗುತ್ತಾರೆ. 4:5ರ ಲಂಬ ಚಿತ್ರವಾದರೆ ಉಳಿಯುವುದು 3200 ಪಿಕ್ಸೆಲ್ ಅಗಲ, ಅಂದರೆ ನಡುವಿನ ಮೂವರಷ್ಟೇ. ಅದನ್ನು ಅರ್ಧ ಮುಖ ಕಾಣಬಾರದೆಂದು ಕೈಯಿಂದ ಸರಿಪಡಿಸುವವರು ಸಾಮಾನ್ಯವಾಗಿ ಇನ್ನಷ್ಟು ಒಳಗೆ ಕತ್ತರಿಸುತ್ತಾರೆ, ಹೊರಗೆ ಸರಿಯುವುದಿಲ್ಲ.

ಈಗ ಅಡಿಬರಹಕ್ಕೆ ಬನ್ನಿ. ಅದನ್ನು ಬರೆದದ್ದು ಪೂರ್ತಿ ಚೌಕಟ್ಟನ್ನು ನೋಡಿ. ‘ಎಡದಿಂದ’ ಎಂದು ಐದು ಹೆಸರಿದ್ದು, ಎಡತುದಿಯವರು ಹೋಗಿ ಚಿತ್ರದಲ್ಲಿ ನಾಲ್ವರೇ ಉಳಿದಿದ್ದರೆ, ಎಲ್ಲ ಹೆಸರೂ ಒಂದೊಂದು ಜಾಗ ಸರಿದು ತಪ್ಪು ಮುಖದ ಮೇಲೆ ಕೂರುತ್ತವೆ. ಅಪರೂಪದ ಅಚಾತುರ್ಯವೇನಲ್ಲ, ಪುಟ ಕಟ್ಟುವ ಅವಸರದಲ್ಲಿ ಆಗುತ್ತಲೇ ಇರುತ್ತದೆ. ಹಾಗಾಗಿ ಕ್ರಾಪ್ ಆದ ಮೇಲೆ ಅಡಿಬರಹವನ್ನು ಕತ್ತರಿಸಿದ ಚಿತ್ರದ ಪಕ್ಕದಲ್ಲಿಟ್ಟು, ಒಂದೊಂದು ಹೆಸರಿಗೂ ಒಂದೊಂದು ಮುಖದ ಮೇಲೆ ಬೆರಳಿಟ್ಟು ಓದಬೇಕು. ಹೆಸರು ಉಳಿದು ಮುಖವಿಲ್ಲದಿದ್ದರೆ ಎರಡೇ ದಾರಿ: ಕ್ರಾಪ್ ಹಿಂದೆ ತೆಗೆದುಕೊಳ್ಳಿ, ಇಲ್ಲವೇ ‘ಚಿತ್ರದಲ್ಲಿ ಕಾಣದ ಇಂಥವರೂ ಜತೆಗಿದ್ದರು’ ಎಂದು ಬರೆಯಿರಿ.

ಕ್ರಿಯಾಪದದ ವಿಷಯ ಇನ್ನೂ ಸೂಕ್ಷ್ಮ. ಒಂದು ಚಿತ್ರವನ್ನು ಕಲ್ಪಿಸಿಕೊಳ್ಳಿ: ಪೊಲೀಸ್ ಒಬ್ಬರು ವೃದ್ಧರ ರಟ್ಟೆ ಹಿಡಿದಿದ್ದಾರೆ, ವೃದ್ಧರ ಮುಖ ಹಿಂಡಿಕೊಂಡಿದೆ, ಬಲ ಅಂಚಿನಲ್ಲಿ ಆಂಬುಲೆನ್ಸ್‌ನ ಬಾಗಿಲು ತೆರೆದಿದೆ. ಬಲಗಡೆಯ ಕಾಲುಭಾಗ ಕತ್ತರಿಸಿದರೆ ಉಳಿಯುವುದು ಬಂಧನದ ದೃಶ್ಯ. ಅದಕ್ಕೆ ಡೆಸ್ಕಿನಲ್ಲಿ ಕೂತವರು ‘ವೃದ್ಧನನ್ನು ಎಳೆದೊಯ್ದ ಪೊಲೀಸರು’ ಎಂದು ಬರೆದರೆ, ಚಿತ್ರದಲ್ಲಿ ಕಾಣದ ಕ್ರಿಯೆಯನ್ನು ಪದ ತಂದು ತುಂಬಿತು. ಚಿತ್ರದಲ್ಲಿ ಕಾಣುವುದು ‘ಹಿಡಿದಿರುವುದು’ ಮಾತ್ರ. ಎಳೆದರೋ, ಆಸರೆ ಕೊಟ್ಟರೋ ಎಂಬುದನ್ನು ಛಾಯಾಗ್ರಾಹಕರನ್ನು ಕೇಳಿಯೇ ಬರೆಯಬೇಕು. ಆಸರೆ ಕೊಟ್ಟದ್ದು ಎಂದು ಅವರು ಹೇಳಿದರೆ, ‘ಪ್ರತಿಭಟನೆಯ ವೇಳೆ ಕುಸಿದ ವೃದ್ಧರೊಬ್ಬರನ್ನು ಪೊಲೀಸ್ ಸಿಬ್ಬಂದಿ ಆಂಬುಲೆನ್ಸ್‌ಗೆ ಕರೆದೊಯ್ದರು’ ಎಂಬುದು ಸರಿಯಾದ ಅಡಿಬರಹ. ಜಾಗವಿದ್ದರೆ ಮೊದಲ ವಾಕ್ಯದಲ್ಲಿ ಯಾರು, ಏನು, ಎಲ್ಲಿ, ಯಾವ ದಿನ ಎಂಬುದನ್ನು ಹೇಳಿ, ಎರಡನೆಯದರಲ್ಲಿ ಚೌಕಟ್ಟಿನ ಹೊರಗಿನ ಕಾರಣ ಬರಲಿ.

ಹಾಗೆಂದು ಸರಿಯಾದ ಅಡಿಬರಹವಿದ್ದರೆ ಎಷ್ಟು ಕತ್ತರಿಸಿದರೂ ಆಯಿತು ಎಂದುಕೊಳ್ಳಬೇಡಿ. ಓದುಗರ ಕಣ್ಣು ಮೊದಲು ಬೀಳುವುದು ಚಿತ್ರದ ಮೇಲೆ; ಸ್ಕ್ರೀನ್‌ಶಾಟ್ ತೆಗೆದು ಹಂಚುವವರು ಅಡಿಬರಹವನ್ನು ಹಿಂದೆಯೇ ಬಿಟ್ಟುಬಿಡುತ್ತಾರೆ. ಆಂಬುಲೆನ್ಸ್‌ ಬಾಗಿಲು ಚಿತ್ರದೊಳಗೇ ಇದ್ದರೆ ಸ್ಕ್ರೀನ್‌ಶಾಟ್‌ನಲ್ಲೂ ಅದು ಜತೆಗೇ ಹೋಗುತ್ತದೆ.

ಕೈಗೆ ಬಂದ ಚಿತ್ರ ಕ್ರಾಪ್ ಆಗಿದೆಯೇ ಎಂದು ನೋಡುವುದಾದರೆ ಮೊದಲು ಅಂಚುಗಳನ್ನು ಸುತ್ತಿಬನ್ನಿ. ಯಾರದೋ ಮೊಣಕೈ, ಭುಜದ ಮೇಲಿನ ಒಂಟಿ ಬೆರಳುಗಳು, ಮಾಲೀಕರಿಲ್ಲದ ನೆರಳು, ಚೌಕಟ್ಟಿನ ಹೊರಗೆ ನೆಟ್ಟ ನೋಟ, ಇವೆಲ್ಲ ಹೊರಗೆ ಏನೋ ಇದೆ ಎನ್ನುತ್ತವೆ. ಕ್ರಾಪ್ ಆಗದ ಚಿತ್ರದಲ್ಲೂ ಇವು ಇರಬಹುದು, ಛಾಯಾಗ್ರಾಹಕರು ಕ್ಲಿಕ್ಕಿಸುವಾಗಲೇ ಒಂದು ಬಗೆಯಲ್ಲಿ ಕತ್ತರಿಸಿರುತ್ತಾರೆ. ಅಳತೆಯನ್ನೂ ನೋಡಿ: 3:2 ಅಥವಾ 4:3 ಬಿಟ್ಟು 2317×1940ರಂಥ ಸಂಖ್ಯೆ ಬಂದರೆ ಯಾರೋ ಕೈಯಾಡಿಸಿದ್ದಾರೆ. ಮೂಲ ಫೈಲೇ ಸಿಕ್ಕಿದ್ದರೆ ಅದರೊಳಗಿನ ಅಡಿಬರಹವನ್ನು `exiftool` ಎಂಬ ಉಚಿತ ತಂತ್ರಾಂಶದಿಂದ ಓದಬಹುದು:

```
exiftool -IPTC:Caption-Abstract -XMP:Description photo.jpg
exiftool -b -ThumbnailImage photo.jpg > thumb.jpg
```

ಎರಡನೆಯ ಸಾಲು ಫೈಲಿನೊಳಗೆ ಅಡಗಿರುವ ಪುಟ್ಟ ಥಂಬ್‌ನೇಲನ್ನು ಹೊರತೆಗೆಯುತ್ತದೆ. ಕೆಲವು ತಂತ್ರಾಂಶಗಳು ದೊಡ್ಡ ಚಿತ್ರವನ್ನು ಕತ್ತರಿಸಿದರೂ ಈ ಥಂಬ್‌ನೇಲನ್ನು ಬದಲಿಸದೆ ಬಿಡುತ್ತವೆ. ಆಗ ಕತ್ತರಿಸುವ ಮೊದಲಿನ ಪೂರ್ತಿ ಚೌಕಟ್ಟು ಬೆರಳುಗುರಿನಷ್ಟು ಗಾತ್ರದಲ್ಲಿ ಕಾಣಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಬಂದದ್ದರಲ್ಲಿ ಈ ಮಾಹಿತಿ ಉಳಿದಿರುವುದಿಲ್ಲ, ಕಳಿಸಿದವರ ಹತ್ತಿರ ಡಾಕ್ಯುಮೆಂಟ್ ರೂಪದಲ್ಲಿ ಮತ್ತೊಮ್ಮೆ ಕೇಳಬೇಕು.