ಹೂವಿನ ಮೊಳ, ಮರೆತುಹೋದ h

ಪರೀಕ್ಷೆ ಹತ್ತಿರ ಬಂತೆಂದರೆ ರಾತ್ರಿ ಒಂಬತ್ತರ ಮೇಲೆ ನನ್ನ ಮೊಬೈಲಿಗೆ ಫೋಟೊಗಳು ಬರತೊಡಗುತ್ತವೆ. ಓರೆಯಾಗಿ ತೆಗೆದ ಅರ್ಧ ಪುಟ, ಅದರ ಮೇಲೆ ಹೆಬ್ಬೆರಳಿನ ನೆರಳು, ಕೆಳಗೊಂದು ಸಾಲು: 'ಸರ್, ಸರಾಸರಿ ಸರಿ ಬರ್ತಿಲ್ಲ, ಎಲ್ಲಿ ತಪ್ಪಿದೆ ನೋಡಿ.' ಹತ್ತನೇ ತರಗತಿಗೆ ಇಷ್ಟು ವರ್ಷ ಗಣಿತ ಹೇಳಿದ ಮೇಲೆ ಎಲ್ಲಿ ತಪ್ಪಿರುತ್ತದೆ ಅಂತ ಫೋಟೊ ತೆರೆಯುವ ಮೊದಲೇ ಹೇಳಬಲ್ಲೆ. ಆದರೂ ತೆರೆದು ನೋಡುತ್ತೇನೆ.

ಮೊನ್ನೆ ಬಂದದ್ದು 40 ಮನೆಗಳ ತಿಂಗಳ ವಿದ್ಯುತ್ ಬಳಕೆಯ ಲೆಕ್ಕ.

| ಯೂನಿಟ್ | ಮನೆಗಳು (f) | ಮಧ್ಯಬಿಂದು (x) | u | fu |
|---|---|---|---|---|
| 50–80 | 4 | 65 | −2 | −8 |
| 80–110 | 7 | 95 | −1 | −7 |
| 110–140 | 12 | 125 | 0 | 0 |
| 140–170 | 9 | 155 | 1 | 9 |
| 170–200 | 5 | 185 | 2 | 10 |
| 200–230 | 3 | 215 | 3 | 9 |

ಅಂದಾಜು ಸರಾಸರಿ a = 125, ವರ್ಗಾಂತರದ ಗಾತ್ರ h = 30. fu ಮೊತ್ತ 13. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಹುಡುಗ 13/40 = 0.325 ಎಂದು ಭಾಗಿಸಿ, ಅದನ್ನು ನೇರವಾಗಿ 125ಕ್ಕೆ ಕೂಡಿಸಿ 125.325 ಎಂದು ಬರೆದು ಅಡಿಗೆರೆ ಎಳೆದುಬಿಟ್ಟಿದ್ದಾನೆ. 30ರಿಂದ ಗುಣಿಸಲೇ ಇಲ್ಲ.

ಸೂತ್ರ ಅವನಿಗೆ ಬರುವುದಿಲ್ಲ ಅಂತಲ್ಲ. ಪುಟದ ಮೇಲ್ತುದಿಯಲ್ಲಿ ಅವನೇ ಬರೆದುಕೊಂಡಿದ್ದಾನೆ: x̄ = a + h × (Σfu / Σf). ಬಾಯಿಪಾಠ ಆಗಿದೆ, ಆದರೆ ಆ u ಏನನ್ನು ಎಣಿಸುತ್ತಿದೆ ಎಂಬುದು ತಲೆಗೆ ಹೋಗಿಲ್ಲ. ಇದನ್ನು ನಾನು ತರಗತಿಯಲ್ಲಿ ಹೂವಿನ ಅಂಗಡಿಗೆ ಕರೆದುಕೊಂಡು ಹೋಗಿಯೇ ಹೇಳುವುದು. ಮಾರುವಾಕೆ ಮಲ್ಲಿಗೆಯನ್ನು ಮೊಳ ಹಾಕಿ ಕೊಡುತ್ತಾಳೆ. 'ಎರಡು ಮೊಳ' ಅಂದರೆ ಎಷ್ಟು ಉದ್ದ? ಅವಳ ಕೈ ಎಷ್ಟುದ್ದವಿದೆ ಎಂದು ತಿಳಿಯದೆ ಹೇಳಲಿಕ್ಕಾಗುವುದಿಲ್ಲ. u ಕೂಡ ಮೊಳದ ಲೆಕ್ಕ. 155 ಇರುವುದು 125ರಿಂದ ಒಂದು ಮೊಳ ಮುಂದೆ, 65 ಇರುವುದು ಎರಡು ಮೊಳ ಹಿಂದೆ. ಇಲ್ಲಿ ಮೊಳದ ಉದ್ದ 30 ಯೂನಿಟ್. 0.325 ಎಂದರೆ ಮೊಳದ ಮೂರನೇ ಒಂದು ಭಾಗಕ್ಕೆ ಹತ್ತಿರ ಅಷ್ಟೆ, ಯೂನಿಟ್ ಅಲ್ಲ. ಅದನ್ನು 30ರಿಂದ ಗುಣಿಸಿದರೆ 9.75 ಯೂನಿಟ್. ಸರಾಸರಿ 134.75.

ಈ ತಪ್ಪು ಇಷ್ಟು ಸಲೀಸಾಗಿ ನುಸುಳುವುದಕ್ಕೆ ಕಾರಣವಿದೆ. 125.325 ನೋಡಲಿಕ್ಕೆ ಸಭ್ಯವಾದ ಸಂಖ್ಯೆ. ಕೋಷ್ಟಕದ ನಡುಮಧ್ಯೆ ಕೂತಿದೆ, ಯಾರಿಗೂ ಅನುಮಾನ ಬರುವುದಿಲ್ಲ. h ಬಿಟ್ಟವರ ಉತ್ತರ ಯಾವಾಗಲೂ ತಾವು ಹಿಡಿದ a ಪಕ್ಕದಲ್ಲೇ ಬಂದು ನಿಲ್ಲುತ್ತದೆ.

ಅದಕ್ಕೇ ನಾನು ಹೇಳುವುದು, ಉತ್ತರ ಬಂದ ಮೇಲೆ a ಬದಲಿಸಿ ಇನ್ನೊಮ್ಮೆ ಮಾಡಿ ಅಂತ. 155 ಹಿಡಿಯಿರಿ. fu ಮೊತ್ತ −27 ಆಗುತ್ತದೆ. 155ರಿಂದ 20.25 ಕಳೆದರೆ ಮತ್ತೆ ಅದೇ 134.75. h ಮರೆತಿದ್ದರೆ 154.325 ಬರುತ್ತಿತ್ತು, ಮೊದಲಿನ 125.325ಕ್ಕೂ ಇದಕ್ಕೂ ತಾಳೆಯೇ ಇಲ್ಲ. 'ನಡುವಿನದನ್ನೇ a ಅಂತ ತಗೋಬೇಕಲ್ವಾ ಸರ್?' ಎಂದು ಕೇಳುವವರು ಪ್ರತಿವರ್ಷ ಇರುತ್ತಾರೆ. ಹಾಗೇನಿಲ್ಲಪ್ಪ, ನಡುವಿನದಾದರೆ ಸಂಖ್ಯೆಗಳು ಚಿಕ್ಕವಾಗಿ ಕೈಗೆ ಸುಲಭ, ಅಷ್ಟೇ.

ಆದರೆ a ಬದಲಿಸಿ ನೋಡುವ ಈ ಉಪಾಯ ಫೋಟೊ ನೋಡಿ ಕೋಷ್ಟಕ ಬರೆದುಕೊಳ್ಳುವಾಗಿನ ತಪ್ಪನ್ನು ಹಿಡಿಯುವುದಿಲ್ಲ. ಅದೇ ಲೆಕ್ಕವನ್ನು ಒಬ್ಬ ಹುಡುಗಿಯೂ ಕಳಿಸಿದ್ದಳು. ಗೆಳತಿಯ ಪುಸ್ತಕದ ಫೋಟೊ ನೋಡಿ ಮಾಡಿದ್ದಂತೆ, ಕೊನೆಯ ಸಾಲು ಚೌಕಟ್ಟಿನ ಆಚೆ ಹೋಗಿತ್ತು. ಐದೇ ಸಾಲಿಗೆ ಅಚ್ಚುಕಟ್ಟಾಗಿ ಮಾಡಿ 128.24 ತಂದಿದ್ದಳು. ಯಾವ a ಹಿಡಿದರೂ ಅವಳಿಗೆ ಅದೇ ಬರುತ್ತದೆ. ಅದಕ್ಕೇ f ಕಾಲಮನ್ನು ಕೂಡಿಸಿ ನೋಡಬೇಕು: ಅವಳದು 37. ಪ್ರಶ್ನೆಯಲ್ಲಿ ಇರುವುದು 40 ಮನೆ. ಮಿಕ್ಕ ಮೂರು ಮನೆ ಎಲ್ಲಿ ಹೋದವು? 7 ಮಸುಕಾಗಿ 1 ಆಗಿ ಕಂಡರೂ ಮೊತ್ತ ಹೇಳಿಬಿಡುತ್ತದೆ. ಒಂದು ಕಡೆ ಎರಡು ಹೆಚ್ಚು, ಇನ್ನೊಂದು ಕಡೆ ಎರಡು ಕಡಿಮೆ ಓದಿಕೊಂಡಿದ್ದರೆ ಮಾತ್ರ ಇದೂ ಕೈಕೊಡುತ್ತದೆ. ಆಗ ಮೂಲ ಪುಸ್ತಕವನ್ನೇ ನೋಡಬೇಕು.

ಇನ್ನೊಂದು ಕಡೆ ಎಚ್ಚರ ಬೇಕು. ಕೆಲವು ಕೋಷ್ಟಕಗಳಲ್ಲಿ ವರ್ಗಾಂತರ 51–80, 81–110 ಎಂದಿರುತ್ತದೆ. 80ರಿಂದ 51 ಕಳೆದು h = 29 ಎಂದು ಬರೆಯುತ್ತಾರೆ. ಮಧ್ಯಬಿಂದುಗಳು 65.5, 95.5. ಅವುಗಳ ನಡುವಿನ ಅಂತರ 30. ಮೊಳದ ಉದ್ದ ಅದೇ. ಹೀಗಾಗಿ h ಹುಡುಕುವಾಗ ವರ್ಗಾಂತರವನ್ನು ನೋಡಬೇಡಿ, ಮೇಲಿನ ಕೆಳಗಿನ ಎರಡು x ಕಳೆಯಿರಿ. ಆ ವ್ಯತ್ಯಾಸ ಸಾಲಿನಿಂದ ಸಾಲಿಗೆ ಬದಲಾಗುತ್ತಿದ್ದರೆ u ಕಾಲಮಿನಲ್ಲಿ −2, −1, 0 ಎಂದು ಕಣ್ಣುಮುಚ್ಚಿ ತುಂಬುವ ಹಾಗಿಲ್ಲ. ಅಂಥ ಕೋಷ್ಟಕಕ್ಕೆ ನಾನಾದರೆ ನೇರ ವಿಧಾನವನ್ನೇ ಹಿಡಿಯುತ್ತೇನೆ.