ಚೆನ್ನಾಗಿ ಬೆಂದ ಬಂಗುಡೆ ತಿಂದರೂ ಮುಖ ಕೆಂಪಾಗಿ ತಲೆ ಸಿಡಿಯುವುದೇಕೆ?

ಪ್ರಶ್ನೆ: ಭಾನುವಾರ ಬೆಳಿಗ್ಗೆ ಬಂಗುಡೆ ತಂದು ಅರ್ಧ ಅವತ್ತೇ ಸಾರು ಮಾಡಿದೆವು. ಉಳಿದದ್ದಕ್ಕೆ ಮಸಾಲೆ ಹಚ್ಚಿಟ್ಟು ಮರುದಿನ ಹುರಿದೆವು. ತಿಂದು ಅರ್ಧ ಗಂಟೆಯೊಳಗೆ ನಮ್ಮ ಯಜಮಾನರ ಮುಖ, ಕುತ್ತಿಗೆ ಕೆಂಪಾಗಿ ಉರಿ ಶುರುವಾಯಿತು. ಜೊತೆಗೆ ತಲೆನೋವು, ಆಮೇಲೆ ಹೊಟ್ಟೆ ನುಲಿದು ಭೇದಿ. ಮೀನು ಚೆನ್ನಾಗಿಯೇ ಬೆಂದಿತ್ತು. ನನಗೇನೂ ಆಗಲಿಲ್ಲ. ಅವರಿಗೆ ಮೀನಿನ ಅಲರ್ಜಿಯಾ? ಇನ್ನು ಮೀನು ಬಿಡಬೇಕಾ?

ಉತ್ತರ: ಆಗಸ್ಟ್‌ನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿದು ಬಂಗುಡೆ, ಬೂತಾಯಿ ಅಗ್ಗವಾದ ಕೂಡಲೇ ಈ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ಪ್ರತಿ ಪತ್ರದಲ್ಲೂ ‘ಚೆನ್ನಾಗಿ ಬೇಯಿಸಿದ್ದೆವು’ ಎಂಬ ಮಾತು ಇದ್ದೇ ಇರುತ್ತದೆ. ಎಷ್ಟು ಸಲ ಹೇಳಿದರೂ ಹೋಗದ ನಂಬಿಕೆ ಅದು. ಆದ್ದರಿಂದ ಈ ಸಲ ಅದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ನಡೆದದ್ದೇನು ಅಂತ ನೋಡೋಣ. ಬಂಗುಡೆ, ಬೂತಾಯಿ (ಉತ್ತರ ಕನ್ನಡದವರ ತಾರ್ಲೆ), ಟ್ಯೂನಾ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ. ಅದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಮೀನು ಸತ್ತ ಮೇಲೆ ಕಿವಿರು ಮತ್ತು ಕರುಳಿನಲ್ಲಿದ್ದ ಕೆಲವು ಬ್ಯಾಕ್ಟೀರಿಯಾಗಳು ಮಾಂಸಕ್ಕೆ ಹರಡುತ್ತವೆ. ಅವು ಒಂದು ಕಿಣ್ವದ ಮೂಲಕ ಹಿಸ್ಟಿಡಿನ್ ಅನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತವೆ. ಅಲರ್ಜಿಯಾದಾಗ ನಮ್ಮ ದೇಹ ತಾನೇ ಬಿಡುಗಡೆ ಮಾಡುವ ವಸ್ತುವೂ ಇದೇ. ಇಲ್ಲಿ ಅದು ಊಟದ ಜೊತೆ ಹೊರಗಿನಿಂದ ಬರುತ್ತದೆ, ಅಷ್ಟೇ. ಹಿಸ್ಟಮಿನ್ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮುಖ ಕೆಂಪಾಗುವುದು, ತಲೆ ಸಿಡಿಯುವುದು ಅದರಿಂದ. ಕರುಳನ್ನು ಹಿಂಡುತ್ತದೆ, ಹೊಟ್ಟೆನೋವು ಮತ್ತು ಭೇದಿ ಅದರಿಂದ.

ಈಗ ‘ಕುದಿಸಿದರೆ ಎಲ್ಲ ಸರಿ’ ಎನ್ನುವ ಮಾತಿಗೆ ಬರೋಣ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಕಿಣ್ವವೂ ಹಾಳಾಗುತ್ತದೆ. ಇದರಲ್ಲಿ ಸುಳ್ಳಿಲ್ಲ. ಆದರೆ ಹಿಸ್ಟಮಿನ್ ಬ್ಯಾಕ್ಟೀರಿಯಾ ಅಲ್ಲ. ಅದು ಬ್ಯಾಕ್ಟೀರಿಯಾ ಮಾಡಿಟ್ಟು ಹೋದ ವಸ್ತು. ಹುಳಿ ಮೊಸರನ್ನು ಎಷ್ಟು ಕುದಿಸಿದರೂ ಹುಳಿ ಹೋಗುತ್ತದೆಯೇ? ಇದೂ ಹಾಗೆಯೇ. ಕಾವಲಿಯ ಬಿಸಿಗೆ ಅದು ಹೋಗುವುದಿಲ್ಲ, ಕುಕ್ಕರ್‌ನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಹೋಗುವುದಿಲ್ಲ. ಡಬ್ಬಿ ಮೀನನ್ನು ಸುಮಾರು 120 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಡಬ್ಬಿಗೆ ಹೋದ ಮೀನು ಮೊದಲೇ ಕೆಟ್ಟಿದ್ದರೆ ಅಲ್ಲೂ ಹಿಸ್ಟಮಿನ್ ಉಳಿದಿರುತ್ತದೆ. ಫ್ರೀಜರ್‌ನಿಂದಲೂ ಅದು ಕಡಿಮೆಯಾಗುವುದಿಲ್ಲ. ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ, ಆದರೆ ಕಿಣ್ವ ಹಾಗೇ ಉಳಿದು ಮೀನು ಕರಗಿದ ಮೇಲೆ ಮತ್ತೆ ಕೆಲಸ ಶುರು ಮಾಡುತ್ತದೆ.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಪತ್ರ ಬರುತ್ತದೆ: ‘ನಮ್ಮಜ್ಜಿ ಮೀನು ಸಾರನ್ನು ಮೂರು ದಿನ ಕುದಿಸಿ ಕುದಿಸಿ ಬಡಿಸುತ್ತಿದ್ದರು, ಯಾರಿಗೂ ಏನೂ ಆಗಿಲ್ಲ.’ ನಿಜ, ಆಗಿರಲಿಕ್ಕಿಲ್ಲ. ಅಜ್ಜಿಯ ಮೀನು ಬೆಳಿಗ್ಗೆ ದಡಕ್ಕೆ ಬಂದು ಮಧ್ಯಾಹ್ನದೊಳಗೆ ಗಡಿಗೆಯಲ್ಲಿ ಕುದಿಯುತ್ತಿತ್ತು. ಹಿಸ್ಟಮಿನ್ ಹುಟ್ಟುವ ಮೊದಲೇ ಬ್ಯಾಕ್ಟೀರಿಯಾ ಮತ್ತು ಕಿಣ್ವ ಎರಡೂ ಸತ್ತವು. ಆಮೇಲೆ ದಿನಾ ಕುದಿಸಿದ್ದರಿಂದ ಹೊಸ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಕುದಿಸುವುದು ಕಾಪಾಡಿದ್ದು ಹೌದು, ಆದರೆ ಕಾಪಾಡಿದ್ದು ತಾಜಾ ಮೀನನ್ನು. ಈಗ ಮೀನು ಮಲ್ಪೆಯಲ್ಲೋ ಮಂಗಳೂರಿನಲ್ಲೋ ಲಾರಿ ಹತ್ತಿ, ಬೆಂಗಳೂರಿನ ಅಂಗಡಿಯಲ್ಲಿ ಐಸ್ ಕರಗಿದ ತಟ್ಟೆಯಲ್ಲಿ ಕೂತು, ಅಲ್ಲಿಂದ ಸ್ಕೂಟರಿನ ಹುಕ್ಕಿಗೆ ನೇತುಹಾಕಿದ ಕವರ್‌ನಲ್ಲಿ ಮನೆಗೆ ಬರುತ್ತದೆ. ಕಾಲ ಕಳೆಯುವುದು ಪಾತ್ರೆಗೆ ಬೀಳುವ ಮೊದಲು. ಆದ್ದರಿಂದ ತಾಜಾ ಮೀನಿನ ಸಾರನ್ನು ಬೇಗ ಫ್ರಿಜ್ಜಿಗಿಟ್ಟು ಮರುದಿನ ತಿಂದರೆ ನನಗೆ ಅಷ್ಟು ಭಯವಿಲ್ಲ. ಭಯವಿರುವುದು ಮಸಾಲೆ ಹಚ್ಚಿಟ್ಟ ಹಸಿ ಮೀನಿನ ಬಗ್ಗೆ. ಮನೆಯ ಮಸಾಲೆಯಲ್ಲಿರುವ ಉಪ್ಪು, ಹುಳಿ ಈ ಕೆಲಸವನ್ನು ನಿಲ್ಲಿಸುವಷ್ಟಿರುವುದಿಲ್ಲ. ಆಗಲೇ ಹುಟ್ಟಿದ ಹಿಸ್ಟಮಿನ್ ಅನ್ನಂತೂ ನಿಂಬೆರಸವೂ ತೆಗೆಯುವುದಿಲ್ಲ.

ಮೂಸಿ ನೋಡಿದರೆ ಗೊತ್ತಾಗುವುದಿಲ್ಲವೇ ಅಂತ ಕೇಳಬಹುದು. ನಾರುವ ಮೀನನ್ನು ಬಿಸಾಡಿ, ಸರಿ. ಆದರೆ ಹಿಸ್ಟಮಿನ್‌ಗೆ ನಮ್ಮ ಮೂಗಿಗೆ ತಿಳಿಯುವ ವಾಸನೆಯಿಲ್ಲ. ಕೆಲವರಿಗೆ ನಾಲಿಗೆ ಮೇಲೆ ಮೆಣಸು ಕಚ್ಚಿದಂಥ ಚುರುಚುರು ಆಗುತ್ತದೆ. ಬಂಗುಡೆ ಪುಳಿಮುಂಚಿಯ ಖಾರದಲ್ಲಿ ಅದು ಯಾರಿಗೆ ಗೊತ್ತಾಗಬೇಕು?

ಇನ್ನು, ಯಜಮಾನರಿಗೆ ಆಗಿದ್ದು ನಿಮಗೇಕೆ ಆಗಲಿಲ್ಲ? ಲೆಕ್ಕ ಹಾಕಿ ನೋಡಿ. ಆರೋಗ್ಯವಂತರಿಗೆ ಒಂದು ಊಟದಲ್ಲಿ 50 ಮಿಲಿಗ್ರಾಂವರೆಗೆ ಹಿಸ್ಟಮಿನ್ ತೊಂದರೆ ಕೊಡುವುದಿಲ್ಲ ಎಂದು 2012ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಹೇಳಿದರು. ಒಬ್ಬರು 250 ಗ್ರಾಂ ಮೀನು ತಿನ್ನುತ್ತಾರೆ ಎಂದಿಟ್ಟುಕೊಂಡರೆ ಕೆಜಿಗೆ 200 ಮಿಲಿಗ್ರಾಂ ಆಗುತ್ತದೆ. ನಿಮ್ಮ ಮೀನಿನಲ್ಲಿ ಕೆಜಿಗೆ 300 ಇತ್ತು, ಒಂದು ಬಂಗುಡೆಯಲ್ಲಿ ಮಾಂಸ 100 ಗ್ರಾಂ ಎನ್ನೋಣ. ಆಗ ಒಂದು ಮೀನಿಗೆ 30 ಮಿಲಿಗ್ರಾಂ. ನೀವು ಒಂದು ತಿಂದಿರಿ, 30. ಅವರು ಮೂರು ತಿಂದರು, 90. ಇನ್ನೂ ಒಂದು ವಿಷಯ: ಒಂದೇ ಕವರಿನ ಎಲ್ಲ ಮೀನಿನಲ್ಲೂ ಇದು ಒಂದೇ ಸಮ ಇರುವುದಿಲ್ಲ. ಪಕ್ಕದ ತಟ್ಟೆಯ ತುಂಡಿನಲ್ಲಿ ಬಹಳ ಕಡಿಮೆ ಇರಬಹುದು.

ಹಾಗಾದರೆ ಅಲರ್ಜಿಯಲ್ಲ ಅಂತ ಹೇಗೆ ತಿಳಿಯುವುದು? ಅಲರ್ಜಿ ಮೀನಿನ ಪ್ರೋಟೀನಿಗೆ ಆಗುವುದು. ಅದಿದ್ದವರಿಗೆ ಆಗಷ್ಟೇ ಹಿಡಿದ ಮೀನು ತಿಂದರೂ ಆಗುತ್ತದೆ. ಅನೇಕರಿಗೆ ಬಂಗುಡೆ ಮಾತ್ರವಲ್ಲ, ಹಿಸ್ಟಿಡಿನ್ ಕಡಿಮೆಯಿರುವ ನಂಗಿನಂಥ ಮೀನಿಗೂ ಆಗುತ್ತದೆ. ಅವರು ಇಷ್ಟು ವರ್ಷ ತೊಂದರೆಯಿಲ್ಲದೆ ತಿಂದಿದ್ದರೆ ಇದು ಹಿಸ್ಟಮಿನ್ ವಿಷವೇ ಇರುವ ಸಾಧ್ಯತೆ ಹೆಚ್ಚು. ಆದರೂ ವೈದ್ಯರಿಗೆ ಒಮ್ಮೆ ತೋರಿಸಿ. ಯಾವ ಮೀನು, ಎಷ್ಟು ಹೊತ್ತು ಹೊರಗಿತ್ತು, ಎಷ್ಟು ತುಂಡು ತಿಂದರು ಎಂಬುದನ್ನೂ ಹೇಳಿ. ಇದನ್ನು ಹೇಳದೆ ಸುಮ್ನೆ ‘ಮೀನಿನ ಅಲರ್ಜಿ’ ಎಂದು ಬರೆಸಿಕೊಂಡು ಜೀವನಪೂರ್ತಿ ಮೀನು ಬಿಟ್ಟವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಸಾಮಾನ್ಯವಾಗಿ ಇದು ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ, ಅಲರ್ಜಿಗೆ ಕೊಡುವ ಸೆಟ್ರಿಜಿನ್‌ನಂಥ ಮಾತ್ರೆಗೂ ಬಗ್ಗುತ್ತದೆ. ಆದರೆ ಉಸಿರು ಕಟ್ಟಿದರೆ, ನಾಲಿಗೆ, ಗಂಟಲು ಊದಿಕೊಂಡರೆ, ತಲೆ ತಿರುಗಿ ಬಿದ್ದರೆ ಯಾವ ಕಾಯಿಲೆ ಅಂತ ಯೋಚಿಸುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಮುಂದಿನ ಸಲ ಅಂಗಡಿಗೆ ಹೋಗುವಾಗ ಡಬ್ಬಿ ಒಯ್ಯಿರಿ, ಮೀನಿನ ಜೊತೆ ಐಸ್ ಕೇಳಿ ಹಾಕಿಸಿಕೊಳ್ಳಿ. ಮನೆಗೆ ಬಂದ ಕೂಡಲೇ ಕಿವಿರು, ಕರುಳು ತೆಗೆದು ತೊಳೆಯಿರಿ. ನಾಳೆಗೆ ಬೇಕಾದ ಮೀನನ್ನು ಇವತ್ತೇ ಹುರಿದಿಡಿ, ಇಲ್ಲವೇ ತೆಳುವಾಗಿ ಹರಡಿ ಫ್ರೀಜರ್‌ಗೆ ಹಾಕಿ. ಕರಗಿಸುವುದನ್ನು ಫ್ರಿಜ್ಜಿನೊಳಗೇ ಮಾಡಿ, ಅಡುಗೆ ಕಟ್ಟೆ ಮೇಲೆ ಬೇಡ.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು. ಮನೆಯಲ್ಲಿ ಯಾರಾದರೂ ಕ್ಷಯಕ್ಕೆ ಮಾತ್ರೆ ತಗೊಳ್ಳುತ್ತಿದ್ದಾರಾ? ನಮ್ಮ ಕರುಳಿನಲ್ಲಿ ಹಿಸ್ಟಮಿನ್ ಒಡೆಯುವ ಕಿಣ್ವವೊಂದಿದೆ. ಕ್ಷಯದ ಮಾತ್ರೆಗಳಲ್ಲಿರುವ ಐಸೋನಿಯಾಜಿಡ್ ಅದನ್ನು ತಡೆಯುತ್ತದೆ. 1980ರ ಸುಮಾರಿಗೆ ಶ್ರೀಲಂಕಾದ ವೈದ್ಯರು ಈ ಮಾತ್ರೆ ತಗೊಳ್ಳುತ್ತಿದ್ದವರು ಟ್ಯೂನಾ ತಿಂದು ಇದೇ ರೀತಿ ಮುಖ ಕೆಂಪಾಗಿ ತಲೆನೋವಿನಿಂದ ಬಳಲಿದ್ದನ್ನು ದಾಖಲಿಸಿದರು. ಅಂಥವರಿಗೆ ಬೇರೆಯವರು ಅರಗಿಸಿಕೊಳ್ಳುವ ಮೀನೂ ತೊಂದರೆ ಕೊಡಬಹುದು. ತಿಂಗಳುಗಟ್ಟಲೆ ಮಾಗಿಸಿದ ಗಟ್ಟಿ ಚೀಸ್‌ನಲ್ಲೂ ಹಿಸ್ಟಮಿನ್ ಇರುತ್ತದೆ, ಅದೂ ಹೀಗೆ ಮಾಡಬಹುದು. ಮನೆಯಲ್ಲಿ ಅವತ್ತೇ ಮಾಡಿದ ಪನೀರಿಗೆ ಈ ಸಮಸ್ಯೆ ಇಲ್ಲ. ಹೀಗಾದಾಗ ಎಷ್ಟೋ ಜನ ಮಾತ್ರೆಯೇ ಒಗ್ಗಲಿಲ್ಲ ಎಂದುಕೊಂಡು ಅದನ್ನೇ ನಿಲ್ಲಿಸಿಬಿಡುತ್ತಾರೆ. ಮಾತ್ರೆ ನಿಲ್ಲಿಸಬೇಡಿ. ಅದು ಮುಗಿಯುವವರೆಗೆ ಬಂಗುಡೆ, ಬೂತಾಯಿ, ಟ್ಯೂನಾ ಬದಿಗಿಟ್ಟು, ಅವತ್ತು ತಿಂದದ್ದೇನು ಅಂತ ವೈದ್ಯರಿಗೆ ಹೇಳಿ.