ಒಂದು ಲಕ್ಷ ಡಿಪಾಸಿಟ್ ಇಟ್ರ ಸಾಲಕ್ಕ ಉಳಿಯೋದು ಎಷ್ಟು? ಸಿಆರ್‌ಆರ್, ಎಸ್‌ಎಲ್‌ಆರ್ ಹಿಂದಿನ ಕಥಿ

2025ರ ಜೂನ್‌ದಾಗ ರಿಸರ್ವ್ ಬ್ಯಾಂಕ್ ಸಿಆರ್‌ಆರ್, ಅಂದ್ರ ಡಿಪಾಸಿಟ್‌ದಾಗ ಬ್ಯಾಂಕುಗಳು ತನ್ನ ಹತ್ರ ಕಡ್ಡಾಯ ಇಡಬೇಕಾದ ನಗದಿನ ಪಾಲನ್ನ, ಶೇ. 4ರಿಂದ 3ಕ್ಕ ಇಳಸ್ತೀವಿ, ಸೆಪ್ಟೆಂಬರ್‌ದಿಂದ ನವೆಂಬರ್‌ತನ ನಾಕು ಕಂತಿನ್ಯಾಗ, ಎರಡೂವರೆ ಲಕ್ಷ ಕೋಟಿ ರೂಪಾಯಿ ಬ್ಯಾಂಕುಗಳ ಕೈಗೆ ವಾಪಸ್ ಬರ್ತೈತಿ ಅಂತ ಹೇಳ್ತಲ್ಲ, ಆವತ್ತು ಬಾಗಲಕೋಟಿ ಎಪಿಎಂಸಿ ಎದುರಿನ ಚಹಾದಂಗಡ್ಯಾಗ ಕುಂತಾಗ ನಮ್ಮ ದೋಸ್ತ ಒಬ್ಬ ಕೇಳಿದ, ಹಂಗಂದ್ರ ನಮಗ ಸಾಲ ಸಲೀಸ ಸಿಗ್ತೈತೇನೋ ಮಾರಾಯಾ ಅಂತ. ಅವಂದು ಗೊಬ್ಬರದ ಅಂಗಡಿ. ಹೂಂ ಅಂತೂ ಅನ್ನಾಕ ಬರಂಗಿಲ್ಲ, ಇಲ್ಲ ಅಂತೂ ಅನ್ನಾಕ ಬರಂಗಿಲ್ಲ. ಅವಂಗ ಅಲ್ಲೇ ಕುಂತು ಹೇಳಿದ್ದನ್ನ ಸ್ವಲ್ಪ ಉದ್ದ ಮಾಡಿ ಇಲ್ಲಿ ಬರಿಯಾಕತ್ತೀನಿ.

ನನಗ ಈ ವಿಷಯದ ಹುಚ್ಚು ಹಿಡಿದದ್ದು ನಮ್ಮ ಮಾಮಾನಿಂದ. ಬನಹಟ್ಟ್ಯಾಗ ನೂಲಿನ ವ್ಯಾಪಾರ ಅವರದು, ಮಗ್ಗದವರಿಗೆ ಉದ್ರಿ ನೂಲು ಕೊಟ್ಟು ಸೀರಿ ಮಾರಿದ ಮ್ಯಾಲ ವಸೂಲಿ ಮಾಡೋದು. 1991ರಾಗ ನೂಲಿನ ರೇಟ್ ಏರಿತ್ತು, ಸಿಸಿ ಸಾಲದ ಲಿಮಿಟ್ ಸ್ವಲ್ಪ ಹೆಚ್ಚು ಮಾಡ್ರಿ ಅಂತ ಬ್ಯಾಂಕಿಗೆ ಹೋದ್ರ ಮ್ಯಾನೇಜರ್ "ಸಾಹುಕಾರ್ರ, ನಿಮ್ಮ ಮ್ಯಾಲ ಅನುಮಾನ ಇಲ್ರಿ, ಕೊಡಾಕ ರೊಕ್ಕನ ಇಲ್ಲ" ಅಂದ್ರಂತ. ಅದ ವಾರ ಅದ ಬ್ಯಾಂಕಿನ್ಯಾಗ ಕಬ್ಬಿನ ಬಿಲ್ ಬಂದವರು ಸಾಲಾಗಿ ನಿಂತು ಎಫ್‌ಡಿ ಮಾಡಸಾಕತ್ತಿದ್ರು. ಡಿಪಾಸಿಟ್ ಬರಾಕತ್ತೈತಿ, ಸಾಲಕ್ಕ ರೊಕ್ಕ ಇಲ್ಲ ಅಂದ್ರ ಹೆಂಗ? ಮಾಮಾ ಆ ಮ್ಯಾನೇಜರ್ ಸುಳ್ಳು ಹೇಳ್ಯಾನ ಅಂತ ಬಾಳ ವರ್ಷ ಬೈಕೊಂತ ಇದ್ರು. ಪಾಪ, ಆತ ಖರೇನ ಹೇಳಿದ್ದ.

ಲೆಕ್ಕ ಹಾಕೋಣು. 1991ರ ಮೇ ಮುಗಿಯೂಮುಂದ ಆ ಬ್ಯಾಂಕಿಗೆ ಒಂದು ಲಕ್ಷ ರೂಪಾಯಿ ಹೊಸ ಡಿಪಾಸಿಟ್ ಬಂತು ಅಂತ ತಿಳ್ಕೋರಿ. ಆವಾಗ ಸಿಆರ್‌ಆರ್ ಶೇ. 15, ಅಂದ್ರ 15,000 ರೂಪಾಯಿ ಸೀದಾ ರಿಸರ್ವ್ ಬ್ಯಾಂಕಿನ ಖಾತೆಗೆ. ಅದರ ಮ್ಯಾಲ ಆ ತಿಂಗಳು ಹೊಸದಾಗಿ ಬರೋ ಡಿಪಾಸಿಟ್‌ಗೆ ಇನ್ನೂ ಶೇ. 10 ಹೆಚ್ಚುವರಿ ಸಿಆರ್‌ಆರ್ ಹಾಕಿದ್ರು, ಅದು 10,000. ಬಾಂಡಿನ್ಯಾಗ ಕಡ್ಡಾಯ ಹಾಕಬೇಕಾದ ಪಾಲಿಗೆ ಎಸ್‌ಎಲ್‌ಆರ್ ಅಂತಾರ, ಅದು ಶೇ. 38.5, ಅಂದ್ರ 38,500 ರೂಪಾಯಿಗೆ ಸರ್ಕಾರಿ ಬಾಂಡ್ ಮತ್ತ ಸರ್ಕಾರ ಒಪ್ಪಿದ ಬಾಂಡ್ ತಗೋಬೇಕು. ಮೂರೂ ಕೂಡಿಸಿದ್ರ 63,500. ಉಳಿದದ್ದು 36,500. ಬ್ಯಾಂಕ್ ಕೊಡೋ ಒಟ್ಟು ಸಾಲದಾಗ ಶೇ. 40 ಆದ್ಯತಾ ವಲಯಕ್ಕ, ಅಂದ್ರ ರೈತರು, ಸಣ್ಣ ಕೈಗಾರಿಕೆ, ಇಂಥವರಿಗೆ ಹೋಗಬೇಕು, ಸರಾಸರಿ ಹಿಡಿದ್ರ 14,600. ಕೊನೆಗೆ ಮಾಮಾನಂಥ ವ್ಯಾಪಾರಸ್ಥರು, ದೊಡ್ಡ ಫ್ಯಾಕ್ಟರಿಗಳು ಎಲ್ಲಾರೂ ಸೇರಿ ಹಂಚ್ಕೋಬೇಕಾದ್ದು 21,900 ರೂಪಾಯಿ. ಲಕ್ಷದಾಗ! ಮಾಮಾನ ಹತ್ರ ನೂಲು ಒಯ್ಯೋ ಮಗ್ಗದವಂಗ ಆ ವರ್ಷ ಸಾಲ ಸಿಕ್ಕಿತ್ತು, ಮಾಮಾಗ ಸಿಗಲಿಲ್ಲ, ಯಾಕ ಅನ್ನೋದು ಈ ಲೆಕ್ಕದಾಗನ ಐತಿ.

ಇಲ್ಲಿತನ ಹೆಂಗ ಬಂತು ಅಂದ್ರ ಹಿಂದ ಹೋಗಬೇಕು. ಎರಡೂ ಪದ್ಧತಿ ಹುಟ್ಟಿದ್ದು ಸಾಲ ಕಟ್ಟಿಹಾಕಾಕ ಅಲ್ಲ. ಸಿಆರ್‌ಆರ್ ಬಂದದ್ದು 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 42ನೇ ಕಲಮಿನಿಂದ, ಆವಾಗ ಗಿರಾಕಿ ಕೇಳಿದ ತಕ್ಷಣ ಕೊಡಬೇಕಾದ ಡಿಪಾಸಿಟ್‌ಗೆ ಶೇ. 5, ಅವಧಿ ಡಿಪಾಸಿಟ್‌ಗೆ ಶೇ. 2. ಎಸ್‌ಎಲ್‌ಆರ್ ಬಂದದ್ದು 1949ರ ಬ್ಯಾಂಕಿಂಗ್ ಕಾಯ್ದೆಯ 24ನೇ ಕಲಮಿನಿಂದ, ಶೇ. 20 ನಗದು, ಬಂಗಾರ ಇಲ್ಲಾ ಸರ್ಕಾರಿ ಬಾಂಡ್ ರೂಪದಾಗ ಇಟ್ಕೋರಿ ಅಂತ. ಆ ಕಾಲದಾಗ ಸಣ್ಣ ಸಣ್ಣ ಬ್ಯಾಂಕ್ ಬಾಳ ಇದ್ದವು, ಮುಳುಗೂವೂ ಬಾಳ. ನಮ್ಮ ಕಡೇನೂ ಸ್ವಂತ ಬ್ಯಾಂಕ್ ಇದ್ದವ್ರಿ, 1930ರಾಗ ಶುರುವಾದ ಬೆಳಗಾಂ ಬ್ಯಾಂಕ್ ಇತ್ತು, ಬಿಜಾಪುರದ ಶ್ರೀ ಜಡೆಯ ಶಂಕರಲಿಂಗ ಬ್ಯಾಂಕ್ ಇತ್ತು, ಅದು ಮುಂದ ಬೆಳಗಾಂ ಬ್ಯಾಂಕಿನ್ಯಾಗ ಕೂಡ್ತು, ಕೊನೆಗೆ ಬೆಳಗಾಂ ಬ್ಯಾಂಕೂ ಯೂನಿಯನ್ ಬ್ಯಾಂಕಿನ್ಯಾಗ ಹೋತು. ಇಂಥ ಬ್ಯಾಂಕಿನ ಬಾಗಲಿಗೆ ಒಂದು ದಿನ ಮಂದಿ ಒಮ್ಮೆಲೇ ರೊಕ್ಕ ಕೇಳಾಕ ಬಂದ್ರ ಕೊಡಾಕ ಏನರ ಕೈಯಾಗ ಇರಬೇಕು, ಅಷ್ಟ ಉದ್ದೇಶ.

ಬದಲಾದದ್ದು 1956ರಿಂದ. ಆ ವರ್ಷ ಸಿಆರ್‌ಆರ್ ಬೇಕಂದಂಗ ಏರಸೂ ಅಧಿಕಾರ ರಿಸರ್ವ್ ಬ್ಯಾಂಕಿಗೆ ಸಿಕ್ತು. ಆದ್ರ ಬ್ಯಾಂಕಿನವರು ಶಾಣ್ಯಾರು. ಸಿಆರ್‌ಆರ್ ಅಂತ ಇಟ್ಟ ನಗದನ್ನ ಎಸ್‌ಎಲ್‌ಆರ್‌ದಾಗೂ ತೋರಸಾಕ ಬರ್ತಿತ್ತು, ಹಿಂಗಾಗಿ ರಿಸರ್ವ್ ಬ್ಯಾಂಕ್ ಸಿಆರ್‌ಆರ್ ಏರಿಸಿದ್ರ ಇವರು ಅಷ್ಟು ಬಾಂಡ್ ಮಾರಿ ಆ ರೊಕ್ಕ ಅಲ್ಲಿ ಇಡಬಹುದಿತ್ತು, ಸಾಲ ಇದ್ದಂಗ ಇರ್ತಿತ್ತು, ಬಿಗಿ ಮಾಡಿದ ಹಗ್ಗ ಇನ್ನೊಂದು ಕಡೆ ಸಡಿಲ. ಅದಕ್ಕ 1962ರಾಗ ಕಾಯ್ದೆ ತಿದ್ದಿ, ಎಸ್‌ಎಲ್‌ಆರ್ ಶೇ. 25, ಅದೂ ಸಿಆರ್‌ಆರ್ ಬಿಟ್ಟು ಬ್ಯಾರೇನ ಇಡಬೇಕು ಅಂತ ಮಾಡಿದ್ರು, 1964ರಿಂದ ಜಾರಿ. ನನ್ನ ಕೇಳಿದ್ರ ಇಡೀ ಕಥಿಯೊಳಗ ಮುಖ್ಯ ತಿರುವು ಇದ. ಬ್ಯಾಂಕುಗಳ ರಾಷ್ಟ್ರೀಕರಣ ಎಲ್ಲಾರಿಗೂ ನೆನಪೈತಿ, ಇದು ಯಾರಿಗೂ ನೆನಪಿಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕಂದ್ರ ಎರಡೂ ಒಂದ ಅನ್ನಂಗ ಮಂದಿ ಮಾತಾಡ್ತಾರ. ಸಿಆರ್‌ಆರ್ ರೊಕ್ಕ ರಿಸರ್ವ್ ಬ್ಯಾಂಕಿನ್ಯಾಗ ಸುಮ್ಮ ಕುಂದರ್ತೈತಿ, ಯಾರ ಕೈಗೂ ಹೋಗಂಗಿಲ್ಲ. ಎಸ್‌ಎಲ್‌ಆರ್ ರೊಕ್ಕ ಹಂಗಲ್ಲ, ಅದು ಸರ್ಕಾರಕ್ಕ ಕೊಟ್ಟ ಸಾಲ. ಸರ್ಕಾರ ಅದನ್ನ ಪಗಾರ ಕೊಟ್ಟು, ರಸ್ತೆ ಮಾಡಿ ಖರ್ಚು ಮಾಡ್ತೈತಿ, ಆ ರೊಕ್ಕ ಮತ್ತ ಯಾವುದೋ ಶಾಖೆಗೆ ಡಿಪಾಸಿಟ್ ಆಗಿ ಬರ್ತೈತಿ. ಅಂದ್ರ ಸಿಆರ್‌ಆರ್ ಸಾಲ ಎಷ್ಟು ಅನ್ನೋದನ್ನ ಕಡಿಮಿ ಮಾಡ್ತೈತಿ, ಎಸ್‌ಎಲ್‌ಆರ್ ಬಾಳಷ್ಟು ಮಟ್ಟಿಗೆ ಸಾಲ ಯಾರಿಗೆ ಅನ್ನೋದನ್ನ ಬದಲಾಸ್ತೈತಿ, ಮಾಮಾನ ಪಾಲು ಸರ್ಕಾರಕ್ಕ.

1970ರ ನಂತರ ಸರ್ಕಾರದ ಖರ್ಚು ಏರಿದಂಗ ಎಸ್‌ಎಲ್‌ಆರೂ ಏರ್ತು, 1974ಕ್ಕ ಶೇ. 33, 1990ಕ್ಕ ಶೇ. 38.5, ಕಾಯ್ದೆದಾಗ ಇದ್ದ ಮಿತಿನ ಶೇ. 40. ಅಷ್ಟೂ ಬಾಂಡ್ ಬ್ಯಾಂಕಿನ ತಲಿಗೆ ಕಟ್ಟಿದ್ರೂ ಸರ್ಕಾರಕ್ಕ ಸಾಕಾಗಲಿಲ್ಲ. ಉಳಿದ ಕೊರತಿಗೆ ಅಡ್‌ಹಾಕ್ ಟ್ರೆಜರಿ ಬಿಲ್ ಅಂತ ರಿಸರ್ವ್ ಬ್ಯಾಂಕಿಗೆ ಚೀಟಿ ಬರಕೊಟ್ಟು ಹೊಸ ರೊಕ್ಕ ತಗೋತಿದ್ರು, ಬಡ್ಡಿ ಬರೇ ಶೇ. 4.6. ಆ ಹೊಸ ರೊಕ್ಕ ಬಜಾರಿಗೆ ಬಂದು, ಡಿಪಾಸಿಟ್ ಆಗಿ, ಸಾಲ ಆಗಿ, ರೇಟ್ ಏರಸ್ತೈತಿ ಅಂತ ಅದ ರಿಸರ್ವ್ ಬ್ಯಾಂಕ್ ಸಿಆರ್‌ಆರ್ ಏರಿಸಿ ಅದನ್ನ ಹಿಂದಕ್ಕ ಎಳಕೊಂತಿತ್ತು. 1973ರ ಶುರುವಿಗೆ ಶೇ. 3 ಇದ್ದದ್ದು 1989ರ ಜುಲೈಗೆ 15 ಆತು. ಒಂದು ಕೈಲೆ ಸರ್ಕಾರಕ್ಕ ಕೊಡೋದು, ಇನ್ನೊಂದು ಕೈಲೆ ಬ್ಯಾಂಕಿನ ಕಿಸೆದಾಗಿಂದು ತಗಿಯೋದು. ಬ್ಯಾಂಕು ತನ್ನ ಗಳಿಕಿಗೆ ಬಿದ್ದ ತೂತು ಎಲ್ಲಿ ಮುಚ್ಚಬೇಕು? ಉಳಿದ 21,900ದ ಮ್ಯಾಲ. 1991ರ ಕೊನಿಗೆ ದೊಡ್ಡ ಸಾಲದ ಬಡ್ಡಿ ಶೇ. 20 ಮುಟ್ಟಿತ್ತು.

1991ರಾಗ ಬ್ಯಾಂಕ್ ಸುಧಾರಣೆಗೆ ಅಂತ ಮಾಡಿದ ನರಸಿಂಹಂ ಸಮಿತಿ ವರದಿ ಬಂತು. ಎಸ್‌ಎಲ್‌ಆರ್ ಬ್ಯಾಂಕ್ ಗಟ್ಟಿ ಇರಾಕ ಅಂತ ಇಡ್ರಿ, ಸರ್ಕಾರದ ಖರ್ಚಿಗೆ ಅಂತ ಅಲ್ಲ, ಐದು ವರ್ಷದಾಗ ಶೇ. 25ಕ್ಕ ತರ್ರಿ ಅಂತ. 1997ರ ಅಕ್ಟೋಬರಿಗೆ ಬಂತು. ಅದ ವರ್ಷ ಏಪ್ರಿಲ್‌ದಾಗ ಅಡ್‌ಹಾಕ್ ಚೀಟಿ ಪದ್ಧತೀನೂ ಬಂದ್ ಆತು. ಬಾಂಡ್‌ಗೂ ಹರಾಜು ಶುರುವಾಗಿತ್ತು, ಬಜಾರ ಬಡ್ಡಿ ಕೊಟ್ರ ಮಾತ್ರ ಸಾಲ. ಆಮ್ಯಾಲ 2007ರಾಗ ಎಸ್‌ಎಲ್‌ಆರ್‌ಗೆ ಕಾಯ್ದೆದಾಗಿದ್ದ ಕನಿಷ್ಠ ಮಿತೀನೂ ಹೋತು, ಸಿಆರ್‌ಆರ್‌ಗೆ ಬಡ್ಡಿ ಕೊಡೋದೂ ನಿಂತು.

ಆದ್ರ ಮಜಾ ನೋಡ್ರಿ, ಎಸ್‌ಎಲ್‌ಆರ್ ಶೇ. 25ಕ್ಕ ಇಳಿದ ಮ್ಯಾಲ ಬ್ಯಾಂಕುಗಳು ಉಳಿದ ರೊಕ್ಕ ಸಾಲ ಕೊಟ್ಟವೇನು? 2004ರ ಸುಮಾರಿಗೆ ಅವರ ಹತ್ರ ಶೇ. 40ಕ್ಕೂ ಹೆಚ್ಚು ಸರ್ಕಾರಿ ಬಾಂಡ್ ಇತ್ತು, ಯಾರೂ ಜೋರ್ ಮಾಡಿರಲಿಲ್ಲ. ಕೆಟ್ಟ ಸಾಲದ ಅಂಜಿಕಿ, ಬಾಂಡ್‌ಗೆ ಬಂಡವಾಳ ಬ್ಯಾರೆ ಕಟ್ಟಿ ಇಡೋದು ಬ್ಯಾಡ, ಬಡ್ಡಿ ಇಳಿಯಾಕತ್ತಿತ್ತು ಅಂದ್ರ ಹಳೇ ಬಾಂಡಿನ ಬೆಲಿ ಏರ್ತಿತ್ತು. ಈಗೂ ಎಸ್‌ಎಲ್‌ಆರ್ 2020ರಿಂದ ಶೇ. 18, ಬ್ಯಾಂಕುಗಳು ಅದಕ್ಕಿಂತ ಎಷ್ಟೋ ಹೆಚ್ಚು ಇಟ್ಕೊಂಡಾವ. ಹಿಂಗಾಗಿ ಇವತ್ತು ಎಸ್‌ಎಲ್‌ಆರ್ ಒಂದು ಪಾಯಿಂಟ್ ಇಳಿಸಿದ್ರ ಸಾಲ ಒಂದು ಪಾಯಿಂಟ್ ಏರ್ತೈತಿ ಅನ್ನೋದು ಹುಸಿ. ಯಾವ ಅನುಪಾತ ಖರೇ ಕಟ್ಟಾಕತ್ತೈತಿ ಅಂತ ತಿಳೀಬೇಕಂದ್ರ ಒಂದ ಮಾತು ನೋಡೋದು, ಬ್ಯಾಂಕ್ ಮಿತಿಗೆ ಅಂಟಿಕೊಂಡು ನಿಂತೈತಾ, ಮಿತಿಗಿಂತ ಮ್ಯಾಲ ಐತಾ.

ಸಿಆರ್‌ಆರ್ ಈಗೂ ಕಟ್ತೈತಿ, ಯಾಕಂದ್ರ ಬಡ್ಡಿ ಇಲ್ಲದ ರೊಕ್ಕ ಯಾವ ಬ್ಯಾಂಕೂ ಹೆಚ್ಚು ಇಡಂಗಿಲ್ಲ. ಒಂದು ಬ್ಯಾಂಕಿನ ಹೊಣೆ, ಅಂದ್ರ ಡಿಪಾಸಿಟ್ ಎಲ್ಲಾ ಕೂಡಿ ಬ್ಯಾರೆ ಬ್ಯಾಂಕಿನ ಲೆಕ್ಕ ಕಳೆದು, 1,000 ಕೋಟಿ ಅನ್ರಿ. ಶೇ. 3 ಅಂದ್ರ ಹದಿನೈದು ದಿವಸದ ಸರಾಸರಿ 30 ಕೋಟಿ ಇರಬೇಕು, ಯಾವ ದಿನಾನೂ ಅದರ ಶೇ. 90ಕ್ಕಿಂತ, ಅಂದ್ರ 27 ಕೋಟಿಗಿಂತ ಕೆಳಗ ಹೋಗಬಾರದು. ಹೋತೋ, ಕೊರತಿ ಮ್ಯಾಲ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟ್‌ಗಿಂತ ಶೇ. 3 ಹೆಚ್ಚು ದಂಡದ ಬಡ್ಡಿ. ಹಿಂದ ಬಾಳ ವರ್ಷ ಇದರ ಲೆಕ್ಕ ಒಂದು ಬಿಟ್ಟು ಒಂದು ಶುಕ್ರವಾರ ಮುಗೀತಿತ್ತು, ಆ ದಿನ ಸಂಜಿಕ ಎಲ್ಲಾ ಬ್ಯಾಂಕೂ ಒಮ್ಮೆಲೇ ಒಂದು ರಾತ್ರಿ ಸಾಲಕ್ಕ ಓಡ್ತಿದ್ದವು, ಕಾಲ್ ಮನಿ ರೇಟ್ ಪಟಕ್ಕನ ಹಾರ್ತಿತ್ತು. ಬಿಗಿ ಎಷ್ಟೈತಿ ಅನ್ನೋದನ್ನ ಆ ರೇಟ್ ನೋಡಿ ಹೇಳಬಹುದಿತ್ತು.

ವೆಚ್ಚಾನೂ ಐತಿ. ಡಿಪಾಸಿಟ್‌ಗೆ ಶೇ. 7 ಬಡ್ಡಿ ಕೊಡಬೇಕು, ಆದ್ರ ನೂರರಾಗ ದುಡಿಯೋದು 97 ರೂಪಾಯಿ ಮಾತ್ರ, ಹಂಗಾಗಿ ಬಡ್ಡಿ ಹುಟ್ಟಸಾಕನ ಶೇ. 7.22 ಗಳಿಸಬೇಕು. ಸಿಆರ್‌ಆರ್ 4 ಇದ್ದಾಗ 7.29. ಅಂದ್ರ ಒಂದು ಪಾಯಿಂಟ್ ಇಳಿಸಿದ್ರ ಬ್ಯಾಂಕಿಗೆ ಉಳಿಯೋದು ಶೇ. 0.07, ಒಂದು ಲಕ್ಷಕ್ಕ ವರ್ಷಕ್ಕ ಎಪ್ಪತ್ತರ ಸುಮಾರು ರೂಪಾಯಿ. ಅದನ್ನ ಗಿರಾಕಿಗೆ ದಾಟಸ್ತಾರೋ ಇಲ್ಲೋ ಅದು ಅವರ ಮರ್ಜಿ.

ಗೊಬ್ಬರದ ದೋಸ್ತಗ ಇದೆಲ್ಲಾ ಹೇಳಿ ಕೊನೆಗೆ ಕೇಳಿದೆ, ನಿಂದು ಸಾಲ ಎಲ್ಲೈತೋ ಅಂತ. ಸೌಹಾರ್ದದಾಗ ಅಂದ. ಸೌಹಾರ್ದ, ಪತ್ತಿನ ಸಂಘ ಇವು ಬ್ಯಾಂಕ್ ಅಲ್ಲ, ರಿಸರ್ವ್ ಬ್ಯಾಂಕಿನ ಸಿಆರ್‌ಆರ್ ಅವಕ್ಕ ತಾಗಂಗ ಇಲ್ಲ, ಡಿಪಾಸಿಟ್‌ಗೆ ಐದು ಲಕ್ಷದ ವಿಮಾನೂ ಇಲ್ಲ. "ಹಂಗಾರ ನನಗ್ಯಾಕ ಇಷ್ಟೊತ್ತು ಹೇಳಿದಿ?" ಅಂತ ಚಹಾದ ರೊಕ್ಕ ನನ್ನ ಕಡೆಯಿಂದನ ಕೊಡಿಸಿದ.